ಸ್ಪರ್ಶಕ, ಛೇದಕ ಮತ್ತು ಏಕಮಾನ ವೃತ್ತದ ಆರು ಗೆರೆಗಳು

ಹತ್ತನೆಯ ತರಗತಿಯ ಗಣಿತದಲ್ಲಿ ಒಂದೇ ಪದ ಎರಡು ವೇಷಗಳಲ್ಲಿ ಬರುತ್ತದೆ. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿಹೋಗುವ ಗೆರೆಯನ್ನು ವೃತ್ತಗಳ ಪಾಠದಲ್ಲಿ ಸ್ಪರ್ಶಕ ಎನ್ನುತ್ತೇವೆ. ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿ ಬಂದ ಸಂಖ್ಯೆಯನ್ನು ತ್ರಿಕೋನಮಿತಿಯ ಪಾಠದಲ್ಲಿ ಟ್ಯಾಂಜೆಂಟ್ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ಹೆಸರು. ನಾವು ಮೊದಲನೆಯದನ್ನು ಅನುವಾದಿಸಿ ಎರಡನೆಯದನ್ನು ಹಾಗೆಯೇ ಇಟ್ಟುಕೊಂಡದ್ದರಿಂದ ಇವುಗಳ ನಂಟು ಕನ್ನಡದ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ವೃತ್ತಛೇದಕ ಮತ್ತು ಸೀಕೆಂಟ್ ಎಂಬ ಜೋಡಿಯ ಗತಿಯೂ ಇದೇ. ಹಾಗೆಂದು ಇಂಗ್ಲಿಷಿನಲ್ಲಿ ಓದಿದವರಿಗೆ ಆ ನಂಟು ತಾನಾಗಿ ಹೊಳೆದಿರುತ್ತದೆ ಎನ್ನುವಂತಿಲ್ಲ. ತ್ರಿಕೋನಮಿತಿಯನ್ನು ಬರೀ ಭಾಗಾಕಾರವಾಗಿ ಕಲಿಸುವಲ್ಲಿ ವೃತ್ತವೂ ಇರುವುದಿಲ್ಲ, ಅದನ್ನು ಮುಟ್ಟುವ ಗೆರೆಯೂ ಇರುವುದಿಲ್ಲ. ಹೆಸರು ಮಾತ್ರ ಉಳಿದಿರುತ್ತದೆ.

ಆ ಗೆರೆಗಳನ್ನು ಮತ್ತೆ ಎಳೆಯೋಣ. ಒಂದು ಹಾಳೆಯ ಮೇಲೆ 10 ಸೆಂ.ಮೀ. ತ್ರಿಜ್ಯದ ವೃತ್ತವನ್ನು ರಚಿಸಿ, ಆ 10 ಸೆಂ.ಮೀ. ಉದ್ದವನ್ನೇ ‘ಒಂದು’ ಎಂದು ಕರೆಯೋಣ. ಏಕಮಾನ ವೃತ್ತವೆಂದರೆ ಇಷ್ಟೇ: ತ್ರಿಜ್ಯವೇ ಅಳತೆಗೋಲು. ಕೇಂದ್ರ O, ಅದರಿಂದ ನೇರ ಬಲಕ್ಕೆ ವೃತ್ತದ ಮೇಲಿರುವ ಬಿಂದು A, ನೇರ ಮೇಲಕ್ಕೆ ಇರುವ ಬಿಂದು B. ಈಗ ಕೇಂದ್ರದಿಂದ 8 ಸೆಂ.ಮೀ. ಬಲಕ್ಕೆ ಮತ್ತು 6 ಸೆಂ.ಮೀ. ಮೇಲಕ್ಕೆ ಹೋದರೆ ಸಿಗುವ ಬಿಂದುವನ್ನು P ಎನ್ನೋಣ. 64 ಮತ್ತು 36 ಕೂಡಿದರೆ 100 ಆಗುವುದರಿಂದ P ವೃತ್ತದ ಮೇಲೆಯೇ ಬೀಳುತ್ತದೆ. OA ಮತ್ತು OP ನಡುವಿನ ಕೋನ θ ಸುಮಾರು 36.87 ಡಿಗ್ರಿ, ಕೋನಮಾಪಕದಲ್ಲಿ 37 ಎಂದು ಓದಿಕೊಂಡರೆ ಸಾಕು.

P ಯಿಂದ OA ಗೆ ಲಂಬವೊಂದನ್ನು ಇಳಿಸಿ, ಅದರ ಪಾದವನ್ನು M ಎಂದು ಕರೆಯಿರಿ. PM ಗೆರೆಯ ಉದ್ದವೇ ಸೈನ್, ಅಂದರೆ 0.6, OM ಉದ್ದವೇ ಕೊಸೈನ್, ಅಂದರೆ 0.8. ಇವೆರಡೂ ಬಹಳ ಮಂದಿಗೆ ಗೊತ್ತು, ಹೆಚ್ಚಿನ ಪುಸ್ತಕಗಳು ನಿಲ್ಲುವುದೂ ಇಲ್ಲಿಯೇ. ಈಗ A ಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯಿರಿ. ಅದು A ಯ ಮೂಲಕ ನೆಟ್ಟಗೆ ನಿಂತ ಗೆರೆ. OP ಯನ್ನು ವೃತ್ತದ ಹೊರಕ್ಕೆ ಮುಂದುವರಿಸಿದರೆ ಅದು ಈ ಸ್ಪರ್ಶಕವನ್ನು T ಎಂಬಲ್ಲಿ ಸಂಧಿಸುತ್ತದೆ. ಸ್ಪರ್ಶಕದ ಮೇಲೆ A ಯಿಂದ T ವರೆಗಿನ ತುಂಡೇ ಟ್ಯಾಂಜೆಂಟ್. ವೃತ್ತವನ್ನು ಕತ್ತರಿಸಿಕೊಂಡು ಹೊರಬಂದ ಗೆರೆಯ ಮೇಲೆ O ಯಿಂದ T ವರೆಗಿನ ತುಂಡೇ ಸೀಕೆಂಟ್. ಅಳೆದು ನೋಡಿದರೆ AT 7.5 ಸೆಂ.ಮೀ., OT 12.5 ಸೆಂ.ಮೀ. ಇರುತ್ತದೆ, ನಮ್ಮ ಮಾನದಲ್ಲಿ 0.75 ಮತ್ತು 1.25. ಸಣ್ಣ ತ್ರಿಭುಜ OMP ಮತ್ತು ದೊಡ್ಡ ತ್ರಿಭುಜ OAT ಸಮರೂಪವಾಗಿರುವುದರಿಂದ 6 ಕ್ಕೂ 8 ಕ್ಕೂ ಇರುವ ಅನುಪಾತವೇ AT ಗೂ OA ಗೂ ಇರಬೇಕು. OA ಒಂದೇ ಆಗಿರುವುದರಿಂದ ಭಾಗಿಸುವ ಕೆಲಸ ಮಾಯವಾಗಿ ಉದ್ದ ಮಾತ್ರ ಉಳಿಯುತ್ತದೆ. ಅಂದರೆ ಶಾಲೆಯಲ್ಲಿ ಕಲಿತ ಅನುಪಾತ ಸುಳ್ಳಲ್ಲ. ಛೇದದಲ್ಲಿ ಒಂದನ್ನು ಇರಿಸಿದ ಅನುಪಾತವನ್ನೇ ಇಲ್ಲಿ ಕಣ್ಣಿನಿಂದ ನೋಡುತ್ತಿದ್ದೇವೆ.

ಸೀಕೆಂಟ್ ಮತ್ತು ಟ್ಯಾಂಜೆಂಟ್ ಎಂಬ ಹೆಸರುಗಳನ್ನು ಬಳಕೆಗೆ ತಂದವನು ಡೆನ್ಮಾರ್ಕಿನ ಗಣಿತಜ್ಞ ಥಾಮಸ್ ಫಿಂಕೆ, 1583 ರಲ್ಲಿ. ಲ್ಯಾಟಿನ್ನಿನಲ್ಲಿ ಒಂದಕ್ಕೆ ಕತ್ತರಿಸುವುದು ಎಂಬ ಅರ್ಥ, ಇನ್ನೊಂದಕ್ಕೆ ಮುಟ್ಟುವುದು ಎಂಬ ಅರ್ಥ. ಅವನ ಮನಸ್ಸಿನಲ್ಲಿದ್ದದ್ದು ಈ ಚಿತ್ರವೇ ಹೊರತು ಭಾಗಾಕಾರವಲ್ಲ.

ಸೈನಿನ ಕಥೆ ನಮಗೆ ಇನ್ನೂ ಹತ್ತಿರದ್ದು. PM ಅನ್ನು ಕೆಳಕ್ಕೆ ಅಷ್ಟೇ ಉದ್ದ ಮುಂದುವರಿಸಿದರೆ ವೃತ್ತದ ಕಂಸವೊಂದು ಬಿಲ್ಲಿನಂತೆಯೂ, ಆ ಇಡೀ ಗೆರೆ ಹೆದೆಯಂತೆಯೂ ಕಾಣುತ್ತದೆ. ಹೆದೆಗೆ ಸಂಸ್ಕೃತದಲ್ಲಿ ಜ್ಯಾ. ಅದರ ಅರ್ಧ ಅರ್ಧಜ್ಯಾ. ಬಳಕೆಯಲ್ಲಿ ಅದೂ ಜ್ಯಾ ಆಯಿತು. M ನಿಂದ A ವರೆಗೆ ಉಳಿದ 2 ಸೆಂ.ಮೀ. ತುಂಡಿಗೂ ಹೆಸರಿತ್ತು: ಶರ, ಅಂದರೆ ಹೆದೆಯ ಮೇಲಿನ ಬಾಣ. ಆರ್ಯಭಟ 499 ರಲ್ಲಿ ಕೊಟ್ಟ 24 ಜ್ಯಾಗಳ ಪಟ್ಟಿಯಲ್ಲಿ 30 ಡಿಗ್ರಿಗೆ ಬರುವ ಮೌಲ್ಯ 1719; ಇದು ಅನುಪಾತವಲ್ಲ, 3438 ಮಾನದ ತ್ರಿಜ್ಯವುಳ್ಳ ವೃತ್ತದಲ್ಲಿ ಒಂದು ಗೆರೆಯ ಉದ್ದ. ಪ್ರತಿ ಡಿಗ್ರಿಯನ್ನು ಕಲೆ ಎಂಬ 60 ಸಮಭಾಗಗಳಾಗಿ ಒಡೆದು, ಇಡೀ ಪರಿಧಿಯನ್ನು 21,600 ಕಲೆಗಳಾಗಿ ಭಾಗಿಸಿದರೆ ತ್ರಿಜ್ಯ ಸುಮಾರು 3438 ಕಲೆ ಆಗುತ್ತದೆಂಬುದೇ ಆ ವಿಚಿತ್ರ ಸಂಖ್ಯೆಯ ಗುಟ್ಟು. ತ್ರಿಜ್ಯ ಎಂಬ ಪದವನ್ನೇ ಒಡೆದು ನೋಡಿ. ಮೂರು ರಾಶಿಗಳೆಂದರೆ 90 ಡಿಗ್ರಿ. ಮೂರು ರಾಶಿಗಳ ಜ್ಯಾ ವೃತ್ತದ ವ್ಯಾಸಾರ್ಧಕ್ಕೆ ಸಮ. ಆದ್ದರಿಂದ ಅದು ತ್ರಿಜ್ಯಾ. ಏಳನೆಯ ತರಗತಿಯ ಹುಡುಗಿ ‘ವೃತ್ತದ ತ್ರಿಜ್ಯ’ ಎಂದು ಬರೆಯುವಾಗ 90 ಡಿಗ್ರಿಯ ಸೈನ್ ಒಂದು ಎಂಬ ಸಂಗತಿಯನ್ನು ತನಗರಿವಿಲ್ಲದೆ ಬರೆದಿರುತ್ತಾಳೆ. ಜ್ಯಾ, ಜೀವಾ ಎಂಬ ರೂಪಗಳು ಅರಬ್ಬಿಗೆ ಹೋಗಿ, ಅಲ್ಲಿ ಸ್ವರಗಳಿಲ್ಲದೆ ಬರೆದ ಪದ ಮಡಿಕೆ ಅಥವಾ ಎದೆ ಎಂಬ ಅರ್ಥದ ಬೇರೊಂದು ಪದವಾಗಿ ಓದಿಸಿಕೊಂಡು, 12 ನೇ ಶತಮಾನದ ಲ್ಯಾಟಿನ್ ಅನುವಾದದಲ್ಲಿ ಸೈನಸ್ ಆದದ್ದು ಪ್ರಸಿದ್ಧ.

ಆದರೆ ಇದೇ ಉತ್ಸಾಹದಲ್ಲಿ ಕೊಸೈನಿನ ‘ಕೊ’ ಕೊಸೈನಿಗೆ ನಮ್ಮಲ್ಲಿದ್ದ ಸಂಸ್ಕೃತ ಹೆಸರಾದ ಕೋಟಿಜ್ಯಾದ ‘ಕೋ’ ಎಂದು ಹೇಳಿಕೊಳ್ಳುವುದನ್ನು ನಾನು ಒಪ್ಪಲಾರೆ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620 ರಲ್ಲಿ ‘ಪೂರಕ ಕೋನದ ಸೈನ್’ ಎಂಬ ಲ್ಯಾಟಿನ್ ಮಾತನ್ನು ಮೊಟಕುಗೊಳಿಸಿದ್ದರಿಂದ ಆ ‘ಕೊ’ ಹುಟ್ಟಿತು. ಕೋಟಿಯೂ 90 ಕ್ಕೆ ತುಂಬಿಕೊಡುವ ಭಾಗವೇ ಆದ್ದರಿಂದ ಅರ್ಥ ಒಂದೇ, ಧ್ವನಿಯ ಹೋಲಿಕೆ ಮಾತ್ರ ಆಕಸ್ಮಿಕ.

ಉಳಿದೆರಡು ಗೆರೆಗಳ ಕೀಲಿ ಈ ಪೂರಕ ಕೋನದಲ್ಲಿಯೇ ಇದೆ. θ ಕೋನವನ್ನು OA ಯಿಂದ ಅಳೆದೆವು. OB ಯಿಂದ ಅಳೆದರೆ ಸಿಗುವುದು 90 ರಲ್ಲಿ θ ಕಳೆದು ಉಳಿದ ಕೋನ. ಮೊದಲು A ಯಲ್ಲಿ ಮಾಡಿದ್ದನ್ನೆಲ್ಲ ಈಗ B ಯಲ್ಲಿ ಮಾಡಿ. B ಯ ಮೂಲಕ ಅಡ್ಡಲಾಗಿ ಸ್ಪರ್ಶಕ ಎಳೆದು, OP ಯನ್ನು ಇನ್ನೂ ಮುಂದುವರಿಸಿದರೆ ಅದು K ಎಂಬಲ್ಲಿ ಸಂಧಿಸುತ್ತದೆ. BK ಕೊಟ್ಯಾಂಜೆಂಟ್, OK ಕೊಸೀಕೆಂಟ್. ಅಳತೆಯಲ್ಲಿ ಸುಮಾರು 13.3 ಮತ್ತು 16.7 ಸೆಂ.ಮೀ. ಕೊಸೀಕೆಂಟ್ ಏಕೆ ಕೊಸೈನಿನ ವ್ಯುತ್ಕ್ರಮವಾಗದೆ ಸೈನಿನ ವ್ಯುತ್ಕ್ರಮವಾಯಿತು ಎಂದು ವಿದ್ಯಾರ್ಥಿಗಳು ಗೊಣಗುವುದು ಸಹಜ. ಹೆಸರಿಟ್ಟವರು ವ್ಯುತ್ಕ್ರಮವನ್ನು ನೆನೆದಿರಲಿಲ್ಲ. ಪೂರಕ ಕೋನದ ಛೇದಕವನ್ನು ಹೆಸರಿಸುತ್ತಿದ್ದರು.

ಈ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ಹಳೆಯ ಜ್ಯೋತಿರ್ಗಣಿತದ ಶಂಕು ಕಾಣಿಸುತ್ತದೆ. OB ನೆಲಕ್ಕೆ ನೆಟ್ಟ ಕೋಲು, O ಅದರ ತುದಿ, B ಯಲ್ಲಿನ ಸ್ಪರ್ಶಕ ನೆಲ, OK ಬಿಸಿಲಿನ ಕಿರಣ. ಹಾಗಾದರೆ BK ಎಂಬ ಕೊಟ್ಯಾಂಜೆಂಟ್ ಆ ಕೋಲಿನ ನೆರಳೇ. ಶಂಕುವಿನ ರೂಢಿಯ ಎತ್ತರ 12 ಅಂಗುಲ. ಸೂರ್ಯ ನಮ್ಮ ಕೋನದಷ್ಟೇ ಎತ್ತರದಲ್ಲಿದ್ದರೆ ನೆರಳು 16 ಅಂಗುಲ, ತುದಿಯಿಂದ ತುದಿಗೆ ಛಾಯಾಕರ್ಣ 20 ಅಂಗುಲ. ಅದೇ ಕೋಲನ್ನು ಗೋಡೆಗೆ ಅಡ್ಡವಾಗಿ ಗೂಟದಂತೆ ಹೊಡೆದು, ಸೂರ್ಯ ಗೋಡೆಗೆ ನೇರ ಎದುರಿಗೆ ಇದ್ದಾನೆಂದು ಭಾವಿಸಿದರೆ, ಗೋಡೆಯ ಮೇಲೆ ಇಳಿಯುವ ನೆರಳು 9 ಅಂಗುಲ; ಅದು ಟ್ಯಾಂಜೆಂಟ್.

ಚಿತ್ರ ಕೈಯಲ್ಲಿದ್ದರೆ ಬಾಯಿಪಾಠದ ಮೂರು ನಿತ್ಯಸಮೀಕರಣಗಳು ಮೂರು ಲಂಬಕೋನ ತ್ರಿಭುಜಗಳ ಪೈಥಾಗೊರಸ್ ಪ್ರಮೇಯವೆಂದು ತಿಳಿಯುತ್ತದೆ. OMP ಕೊಡುವುದು sin²θ + cos²θ = 1; OAT ಕೊಡುವುದು 1 + tan²θ = sec²θ; OBK ಕೊಡುವುದು 1 + cot²θ = cosec²θ. ಇಷ್ಟಕ್ಕೇ ತೃಪ್ತರಾಗದವರಿಗೆ ಇನ್ನೊಂದು ಚಿತ್ರವಿದೆ, ನನಗೆ ಅದೇ ಹೆಚ್ಚು ಇಷ್ಟ. A, B ಗಳಲ್ಲಿನ ಸ್ಪರ್ಶಕಗಳನ್ನು ಬಿಟ್ಟು P ಯಲ್ಲಿಯೇ ಒಂದು ಸ್ಪರ್ಶಕ ಎಳೆಯಿರಿ. ಅದು ಅಡ್ಡ ಅಕ್ಷವನ್ನು S ನಲ್ಲಿಯೂ ನೆಟ್ಟ ಅಕ್ಷವನ್ನು R ನಲ್ಲಿಯೂ ಮುಟ್ಟಲಿ. ತ್ರಿಜ್ಯ OP ಈ ಸ್ಪರ್ಶಕಕ್ಕೆ ಲಂಬವಾದ್ದರಿಂದ OPS ಮತ್ತು OAT ತ್ರಿಭುಜಗಳು ಸರ್ವಸಮ: PS ಟ್ಯಾಂಜೆಂಟ್, OS ಸೀಕೆಂಟ್. ಇನ್ನೊಂದು ಬದಿಯಲ್ಲಿ PR ಕೊಟ್ಯಾಂಜೆಂಟ್, OR ಕೊಸೀಕೆಂಟ್. ಗೋಡೆಗೆ ಒರಗಿಸಿದ ಏಣಿಯಂತೆ ನಿಂತ SR ಮೇಲೆ ಟ್ಯಾಂಜೆಂಟ್, ಕೊಟ್ಯಾಂಜೆಂಟ್ ಎರಡೂ ಒಂದರ ಹಿಂದೊಂದು ಕೂತಿರುತ್ತವೆ. ORS ತ್ರಿಭುಜದ ವಿಸ್ತೀರ್ಣವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬಹುದು: OS ಮತ್ತು OR ಗಳ ಗುಣಲಬ್ಧದ ಅರ್ಧ, ಅಥವಾ SR ಮತ್ತು ಒಂದು ಎಂಬ ಎತ್ತರದ ಗುಣಲಬ್ಧದ ಅರ್ಧ. ಎರಡೂ ಸಮವಾಗಬೇಕಾದ್ದರಿಂದ tanθ + cotθ = secθ × cosecθ. ಪರೀಕ್ಷೆಯಲ್ಲಿ ಅರ್ಧ ಪುಟ ತುಂಬಿಸುವ ಈ ಸಾಧನೆ ಚಿತ್ರದಲ್ಲಿ ಒಂದು ಸಾಲಿನದು. ನಮ್ಮ ಅಳತೆಗಳಲ್ಲಿ ಎರಡು ಬದಿಯೂ ಸುಮಾರು 2.083.

ಉದ್ದವೆಂದು ಹೇಳುವಾಗ ಎಚ್ಚರ ಬೇಕಾದ ಜಾಗಗಳು ಎರಡಿವೆ. ಮೊದಲನೆಯದು 90 ಡಿಗ್ರಿ. ಕೋನ ಬೆಳೆದಂತೆ T ಮೇಲೇರುತ್ತದೆ: 80 ಡಿಗ್ರಿಗೆ ನಮ್ಮ ಚಿತ್ರದಲ್ಲಿ AT ಸುಮಾರು 56.7 ಸೆಂ.ಮೀ., 89 ಕ್ಕೆ ಸುಮಾರು 5.73 ಮೀಟರ್, 89.9 ಕ್ಕೆ ಸುಮಾರು 57 ಮೀಟರ್. ಸರಿಯಾಗಿ 90 ಆದಾಗ OP ಯೂ A ಯಲ್ಲಿನ ಸ್ಪರ್ಶಕವೂ ಸಮಾಂತರ. ಸಂಧಿಸುವ ಬಿಂದುವೇ ಇಲ್ಲ, ಆದ್ದರಿಂದ ಅಳೆಯಲು ಗೆರೆಯೂ ಇಲ್ಲ. ಇಲ್ಲಿ ‘ಅನಂತ’ ಎಂದು ಬರೆದು ಮುಂದೆ ಹೋಗುವ ಅಭ್ಯಾಸ ತಪ್ಪು. 91 ಡಿಗ್ರಿಗೆ OP ಯನ್ನು O ಯ ಮೂಲಕ ಹಿಂದಕ್ಕೆ ಚಾಚಿದರೆ, T 89 ರಲ್ಲಿದ್ದಷ್ಟೇ ದೂರದಲ್ಲಿ, ಆದರೆ A ಯ ಕೆಳಗೆ ಇರುತ್ತದೆ. 90 ರಲ್ಲಿ ಅದು ಮೇಲಿನ ಅನಂತವೋ ಕೆಳಗಿನ ಅನಂತವೋ ಎಂದು ಕೇಳಿದರೆ ಉತ್ತರವಿಲ್ಲ.

ಎರಡನೆಯದು ಚಿಹ್ನೆ. P ಯನ್ನು ಎಡಕ್ಕೆ ಸರಿಸಿ, 8 ಸೆಂ.ಮೀ. ಎಡಕ್ಕೆ ಮತ್ತು 6 ಸೆಂ.ಮೀ. ಮೇಲಕ್ಕೆ ಇಡಿ. ಈಗ OP ಎಷ್ಟು ಮುಂದುವರಿದರೂ A ಯ ಸ್ಪರ್ಶಕವನ್ನು ಸೇರುವುದಿಲ್ಲ. ಸಾಮಾನ್ಯ ತಪ್ಪೆಂದರೆ ವೃತ್ತದ ಎಡ ತುದಿಯಲ್ಲಿ ಹೊಸ ಸ್ಪರ್ಶಕ ಎಳೆದು, ಮೇಲ್ಮುಖವಾಗಿ 7.5 ಸೆಂ.ಮೀ. ಅಳೆದು, ಟ್ಯಾಂಜೆಂಟ್ 0.75 ಎನ್ನುವುದು. ಸೈನ್ 0.6 ನ್ನು ಕೊಸೈನ್ −0.8 ರಿಂದ ಭಾಗಿಸಿದ ಕೂಡಲೇ ತಪ್ಪು ಬಯಲಾಗುತ್ತದೆ. ಸ್ಪರ್ಶಕ A ಯಲ್ಲಿಯೇ ಉಳಿಯಬೇಕು. ಗೆರೆಯನ್ನು O ಯ ಮೂಲಕ ಹಿಂದಕ್ಕೆ ಚಾಚಬೇಕು. ಆಗ ಅದು A ಗಿಂತ 7.5 ಸೆಂ.ಮೀ. ಕೆಳಗೆ ಸಂಧಿಸುತ್ತದೆ, ಟ್ಯಾಂಜೆಂಟ್ −0.75. ಸಂಧಿಸಿದ್ದು P ಯ ದಿಕ್ಕಿನಲ್ಲಲ್ಲ, ಬೆನ್ನ ಹಿಂದೆ; ಆದ್ದರಿಂದ ಸೀಕೆಂಟ್ −1.25. ಕೋನಕ್ಕೆ 180 ಡಿಗ್ರಿ ಸೇರಿಸಿದರೆ P ವೃತ್ತದ ಎದುರು ಬದಿಗೆ ಹೋದರೂ ಗೆರೆ ಬದಲಾಗುವುದಿಲ್ಲ, T ಕದಲುವುದಿಲ್ಲ. ಟ್ಯಾಂಜೆಂಟ್ ಅದೇ ಉಳಿಯುತ್ತದೆ; ಸೀಕೆಂಟ್ ಮಾತ್ರ, ಮುಂದಿದ್ದ T ಬೆನ್ನಿಗೆ ಬಂದದ್ದರಿಂದ ಅಥವಾ ಬೆನ್ನಿಗಿದ್ದದ್ದು ಮುಂದೆ ಬಂದದ್ದರಿಂದ, ಚಿಹ್ನೆ ಬದಲಿಸಿಕೊಂಡು, ತನ್ನ ಹಳೆಯ ಬೆಲೆಗೆ ಮರಳಲು ಇನ್ನೂ ಅರ್ಧ ಸುತ್ತು ಕಾಯುತ್ತದೆ.