ಕೀಬೋರ್ಡ್ ಏನನ್ನು ನೆನಪಿಡುತ್ತದೆ, ಇನ್‌ಕಾಗ್ನಿಟೋ ಏನನ್ನು ತಡೆಯುತ್ತದೆ

ಇನ್‌ಕಾಗ್ನಿಟೋ ಟ್ಯಾಬಿನಲ್ಲಿ ಟೈಪ್ ಮಾಡಿದ ಮಾತು ಎಲ್ಲಿಯೂ ಉಳಿಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ಇನ್ನು ಕೆಲವರ ಪ್ರಕಾರ, ಕೀಬೋರ್ಡ್ ನಾವು ಒತ್ತಿದ ಅಕ್ಷರವನ್ನೆಲ್ಲ ದೂರದ ಸರ್ವರಿಗೆ ಸಾಗಿಸುತ್ತಲೇ ಇರುತ್ತದೆ. ಫೋನಿನ ಕೀಬೋರ್ಡ್ ಪದವೊಂದನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತದೆ ಎಂಬುದನ್ನು ನೋಡದೆ ಈ ಎರಡು ಮಾತುಗಳನ್ನೂ ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ಸರಿಯಲ್ಲ.

ಮುಂದಿನ ಪದವನ್ನು ಊಹಿಸುವ ಗಣಿತ ಮೊಬೈಲಿಗಿಂತ ಬಹಳ ಹಳೆಯದು. ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೊವ್ 1913ರಲ್ಲಿ ಪುಷ್ಕಿನ್‌ನ ಕಾವ್ಯವೊಂದರಿಂದ 20,000 ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ನಂತರ ಸ್ವರ ಎಷ್ಟು ಸಲ ಬರುತ್ತದೆ, ವ್ಯಂಜನ ಎಷ್ಟು ಸಲ ಬರುತ್ತದೆ ಎಂದು ಕೈಯಿಂದಲೇ ಎಣಿಸಿದ್ದರು. ಈಗ ಬಂದಿರುವುದನ್ನು ನೋಡಿ ಮುಂದೆ ಬರಬಹುದಾದುದರ ಸಾಧ್ಯತೆಯನ್ನು ಲೆಕ್ಕ ಹಾಕುವ ಆ ವಿಧಾನವೇ, ಅಕ್ಷರದ ಬದಲು ಪದವನ್ನು ಹಿಡಿದುಕೊಂಡು, ಇಂದಿನ ಸಲಹಾ ಪಟ್ಟಿಯ ಹಿಂದೆ ನಿಂತಿದೆ. ಕಾರ್ಖಾನೆಯಿಂದ ಬಂದ ಕೀಬೋರ್ಡಿನಲ್ಲಿ ಭಾಷೆಯ ಸಾಮಾನ್ಯ ಮಾದರಿಯೊಂದು ಇರುತ್ತದೆ, ಅದು ಎಲ್ಲರಿಗೂ ಒಂದೇ. ನಮ್ಮ ಗುಟ್ಟು ಸೇರುವುದು ಅದರ ಪಕ್ಕದಲ್ಲಿ ಬೆಳೆಯುವ ಎರಡನೆಯ ಕಡತಕ್ಕೆ, ಅಂದರೆ ನಮ್ಮ ವೈಯಕ್ತಿಕ ಪದಕೋಶಕ್ಕೆ.

ಆಂಡ್ರಾಯ್ಡ್‌ನ ಮುಕ್ತ ಆಕರದ ಕೀಬೋರ್ಡಿನಲ್ಲಿ ಈ ಕಡತದ ರಚನೆಯನ್ನು ಯಾರು ಬೇಕಾದರೂ ಓದಬಹುದು. ಅಲ್ಲಿ ಉಳಿಯುವುದು ನಾವು ಬರೆದ ಸಂದೇಶವಲ್ಲ. ಪದ, ಅದಕ್ಕಿಂತ ಹಿಂದೆ ಬಂದಿದ್ದ ಪದ, ಈ ಜೋಡಿ ಎಷ್ಟು ಗಟ್ಟಿಯಾಗಿದೆ ಎಂಬ ಮಟ್ಟ, ಕೊನೆಯ ಸಲ ಬಳಸಿದ ಸಮಯ, ಇಷ್ಟೇ. ಪದವನ್ನು ಮತ್ತೆ ಮತ್ತೆ ಟೈಪ್ ಮಾಡಿದಂತೆ ಮಟ್ಟ ಏರುತ್ತದೆ. ಬಳಸದೆ ಬಿಟ್ಟರೆ ಕಾಲಕ್ರಮೇಣ ಇಳಿಯುತ್ತದೆ, ತೀರಾ ಇಳಿದ ಪದವನ್ನು ಕೀಬೋರ್ಡ್ ತಾನಾಗಿಯೇ ಕಿತ್ತುಹಾಕುತ್ತದೆ. ಈ ಭಾಗಕ್ಕೆ ಎಂಜಿನಿಯರುಗಳು ಇಟ್ಟ ಹೆಸರೇ ಮರೆವಿನ ರೇಖೆ. ನಮ್ಮ ಮಾತುಕತೆಯನ್ನು ಈ ಕಡತದಿಂದ ಮರಳಿ ಕಟ್ಟಲು ಬರುವುದಿಲ್ಲವಾದರೂ, ಯಾವ ಪದದ ಪಕ್ಕದಲ್ಲಿ ಯಾವ ಪದವನ್ನು ಇಡುವುದು ನಮಗೆ ರೂಢಿ ಎಂಬುದು ಅದರಿಂದ ಚೆನ್ನಾಗಿಯೇ ತಿಳಿಯುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮನೋವೈದ್ಯರು ಒಬ್ಬರಿಗೆ ಲಿಥಿಯಂ ಮಾತ್ರೆ ಬರೆದುಕೊಟ್ಟಿದ್ದಾರೆ. ಆ ರೋಗಿ ಅದರ ಅಡ್ಡಪರಿಣಾಮಗಳನ್ನು ಇನ್‌ಕಾಗ್ನಿಟೋ ಟ್ಯಾಬಿನಲ್ಲಿ ಹುಡುಕುತ್ತಾರೆ. ಕೀಬೋರ್ಡ್ ತೆರೆದುಕೊಳ್ಳುವಾಗ ಬ್ರೌಸರ್ ಅದಕ್ಕೆ `IME_FLAG_NO_PERSONALIZED_LEARNING` ಎಂಬ ಸೂಚನೆಯನ್ನು ಕೊಡುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈ ಸೂಚನೆ ಬಳಕೆಯಲ್ಲಿದೆ. ಇಲ್ಲಿ ಟೈಪ್ ಮಾಡಿದುದನ್ನು ವೈಯಕ್ತಿಕ ಪದಕೋಶಕ್ಕೆ ಸೇರಿಸಬೇಡ ಎಂಬುದಷ್ಟೇ ಅದರ ಅರ್ಥ. ಕೀಬೋರ್ಡ್ ಅದನ್ನು ಪಾಲಿಸಿದರೆ ‘ಲಿಥಿಯಂ’ ಪದಕೋಶದಲ್ಲಿ ದಾಖಲಾಗುವುದಿಲ್ಲ. ಆದರೆ ಅದೇ ವಾರ ಅವರು ಮನೆಯವರಿಗೆ ಸಾಮಾನ್ಯ ಮೆಸೇಜ್ ಆ್ಯಪಿನಲ್ಲಿ ‘ಡಾಕ್ಟರು ಲಿಥಿಯಂ ಮುಂದುವರಿಸಲು ಹೇಳಿದರು’ ಎಂದು ಎರಡು ಮೂರು ಸಲ ಬರೆದರೆ, ಅಲ್ಲಿ ಯಾವ ಸೂಚನೆಯೂ ಇಲ್ಲದ ಕಾರಣ ‘ಡಾಕ್ಟರು’ ಮತ್ತು ‘ಲಿಥಿಯಂ’ ಜೋಡಿ ಪದಕೋಶಕ್ಕೆ ಇಳಿಯುತ್ತದೆ. ಮುಂದೊಂದು ದಿನ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ನಿಂತಿರುವಾಗ ಅವರು ‘ಡಾಕ್ಟರು’ ಎಂದು ಟೈಪ್ ಮಾಡಿದೊಡನೆ ಆ ಮಾತ್ರೆಯ ಹೆಸರು ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು. ಬ್ರೌಸರಿನ ಇತಿಹಾಸವನ್ನು ಎಷ್ಟು ಅಳಿಸಿದರೂ ಇದು ಹೋಗುವುದಿಲ್ಲ, ಏಕೆಂದರೆ ಆ ಪದ ಬ್ರೌಸರಿನಲ್ಲಿ ಇರುವುದೇ ಇಲ್ಲ.

ಪಟ್ಟಿಯಲ್ಲಿ ಕಂಡ ಪದವನ್ನು ಒತ್ತಿ ಹಿಡಿದರೆ ಅದನ್ನು ತೆಗೆದುಹಾಕುವ ಅವಕಾಶವನ್ನು ಹಲವು ಕೀಬೋರ್ಡುಗಳು ಕೊಡುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ತೊಡಕಿದೆ. ಪದಕೋಶವು ಪದಗಳನ್ನು ಅವು ಟೈಪಾದ ರೂಪದಲ್ಲೇ ಇಟ್ಟುಕೊಳ್ಳುವುದರಿಂದ ‘ಲಿಥಿಯಂ’ ಅಳಿಸಿದರೂ ‘ಲಿಥಿಯಂನಿಂದ’, ‘ಲಿಥಿಯಮ್ಮಿಗೆ’ ಎಂಬ ರೂಪಗಳು ಬೇರೆ ಪದಗಳಾಗಿ ಉಳಿದುಕೊಂಡಿರಬಹುದು. ವಿಭಕ್ತಿ ಪ್ರತ್ಯಯಗಳ ಈ ಸಂಪತ್ತು ಇಲ್ಲಿ ನಮಗೆ ಮುಳುವಾಗುತ್ತದೆ.

ಇಷ್ಟೂ ಒಂದೇ ಫೋನಿನ ಒಳಗಿನ ಕಥೆ. ಕ್ಲೌಡ್ ಸಿಂಕ್ ಚಾಲೂ ಇದ್ದರೆ ಪದಕೋಶದ ಒಂದು ಪ್ರತಿ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಅದೇ ಖಾತೆಯ ಇತರ ಸಾಧನಗಳಿಗೆ ಇಳಿಯುತ್ತದೆ. ಮನೆಮಂದಿಯೆಲ್ಲ ಬಳಸುವ ಟ್ಯಾಬ್ಲೆಟ್ಟಿನಲ್ಲಿ ಆ ಮಾತ್ರೆಯ ಹೆಸರು ಸಲಹೆಯಾಗಿ ಬರಲು ಇಷ್ಟು ಸಾಕು. ಸರ್ವರಿನಲ್ಲಿ ಎಡವಟ್ಟಾದರೆ ಆಗಬಹುದಾದುದನ್ನು 2016ರ ಜುಲೈ ತೋರಿಸಿಕೊಟ್ಟಿತು. ಸ್ವಿಫ್ಟ್‌ಕೀ ಕೀಬೋರ್ಡಿನ ಕೆಲವು ಬಳಕೆದಾರರಿಗೆ ಅಪರಿಚಿತರ ಇಮೇಲ್ ವಿಳಾಸಗಳೂ ತಮಗೆ ಗೊತ್ತಿಲ್ಲದ ಭಾಷೆಯ ಪದಗಳೂ ಸಲಹೆಯಾಗಿ ಬರತೊಡಗಿದವು, ಸಂಸ್ಥೆ ಸಿಂಕ್ ಸೇವೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಎಲ್ಲ ಸಿಂಕ್ ವ್ಯವಸ್ಥೆಗಳೂ ಒಂದೇ ಬಗೆಯವಲ್ಲ. ಐಫೋನಿನ ಸ್ವಂತ ಕೀಬೋರ್ಡ್ ಕಲಿತ ಪದಗಳು ಐಕ್ಲೌಡಿಗೆ ಹೋಗುವಾಗ, ಬಳಕೆದಾರರ ಸಾಧನಗಳಲ್ಲಿ ಮಾತ್ರ ಬಿಡಿಸಬಹುದಾದ ಗೂಢಲಿಪಿಯಲ್ಲಿರುತ್ತವೆ.

ಗೂಗಲ್ 2017ರಲ್ಲಿ ಪ್ರಕಟಿಸಿದ ಫೆಡರೇಟೆಡ್ ಕಲಿಕೆಯನ್ನು ಇದರ ಜೊತೆ ಬೆರೆಸಬಾರದು. ಜಿಬೋರ್ಡಿನ ಆ ವಿಧಾನದಲ್ಲಿ ಫೋನ್ ಚಾರ್ಜಿಗೆ ಸಿಕ್ಕಿಸಿ ಸುಮ್ಮನಿರುವಾಗ ಮಾದರಿ ಫೋನಿನಲ್ಲೇ ಕಲಿಯುತ್ತದೆ. ಹೊರಗೆ ಹೋಗುವುದು ಮಾದರಿಯ ಅಂಕಿಗಳಲ್ಲಿ ಆದ ಬದಲಾವಣೆ ಮಾತ್ರ, ಅದೂ ಸಾವಿರಾರು ಫೋನುಗಳ ಬದಲಾವಣೆಯೊಡನೆ ಕೂಡಿಸಿದ ಮೇಲೆಯೇ ಬಳಕೆಗೆ ಬರುತ್ತದೆ. ಪದಕೋಶವನ್ನು ಹಾಗೆಯೇ ಎತ್ತಿ ಕಳಿಸುವ ಸಿಂಕ್‌ನ ಪಕ್ಕದಲ್ಲಿ ಇದು ಸೌಮ್ಯ ಸಂಗತಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಇನ್‌ಕಾಗ್ನಿಟೋದ ಮಿತಿಗೆ ಬರೋಣ. ಆಂಡ್ರಾಯ್ಡ್‌ನ ದಾಖಲೆಯಲ್ಲೇ ಆ ಸೂಚನೆ ಖಾತರಿಯಲ್ಲ, ಕೆಲವು ಕೀಬೋರ್ಡುಗಳು ಅದನ್ನು ಪಾಲಿಸದಿರಬಹುದು ಎಂದು ಬರೆದಿದೆ. ಅದು ಮನೆ ಬಾಗಿಲಿಗೆ ತೂಗುಹಾಕಿದ ‘ದಯವಿಟ್ಟು ಒಳಗೆ ಬರಬೇಡಿ’ ಎಂಬ ಫಲಕದ ಹಾಗೆ, ಬೀಗವಲ್ಲ. ಪಾಲಿಸಿದರೂ ಅದು ತಡೆಯುವುದು ಹೊಸ ಕಲಿಕೆಯನ್ನು ಮಾತ್ರ, ಮೊದಲೇ ಕಲಿತ ‘ಲಿಥಿಯಂ’ ಇನ್‌ಕಾಗ್ನಿಟೋದಲ್ಲಿಯೂ ಸಲಹೆಯಾಗಿ ಬರಬಹುದು. ಜಾಲದ ಮೇಲೆ ಸಾಗುವುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2024ರಲ್ಲಿ ಒಂಬತ್ತು ಸಂಸ್ಥೆಗಳ ಚೀನೀ ಕೀಬೋರ್ಡುಗಳನ್ನು ಪರೀಕ್ಷಿಸಿತ್ತು. ಊಹೆಗಾಗಿ ಕ್ಲೌಡಿಗೆ ಹೋಗುತ್ತಿದ್ದ ಕೀಲಿ ಒತ್ತುಗಳನ್ನು ದಾರಿಯಲ್ಲೇ ಓದಿಬಿಡಬಹುದಾದ ದೋಷಗಳು ಎಂಟು ಸಂಸ್ಥೆಗಳ ತಂತ್ರಾಂಶದಲ್ಲಿ ಕಂಡುಬಂದವು. ಇಂಥ ಕಡೆ ಬೇಕಾದುದು ಕ್ಲೌಡ್ ಊಹೆಯನ್ನು ನಿಲ್ಲಿಸುವುದು. ಐಫೋನಿನಲ್ಲಿ ಹೊರಗಿನ ಕೀಬೋರ್ಡಿಗೆ ಪೂರ್ಣ ಪ್ರವೇಶದ ಅನುಮತಿ ಕೊಡದಿದ್ದರೆ ಅದಕ್ಕೆ ಜಾಲವೇ ಸಿಗುವುದಿಲ್ಲ.

ಕಲಿತುದನ್ನು ಅಳಿಸುವಾಗ ಅನುಕ್ರಮ ತಪ್ಪಿದರೆ ಶ್ರಮ ವ್ಯರ್ಥ. ಸಿಂಕ್ ನಿಲ್ಲಿಸದೆ ಫೋನಿನಲ್ಲಿ ಮಾತ್ರ ಅಳಿಸಿದರೆ, ಸರ್ವರಿನ ಪ್ರತಿಯಿಂದ ಪದಗಳು ಮರಳಿ ಬರುವ ಸಾಧ್ಯತೆ ಇದೆ. ಮೊದಲು ಎಲ್ಲ ಸಾಧನಗಳಲ್ಲಿ ಸಿಂಕ್ ನಿಲ್ಲಿಸಬೇಕು, ನಂತರ ಖಾತೆಯಲ್ಲಿರುವ ಪ್ರತಿಯನ್ನು ತೆಗೆಸಬೇಕು, ಆಮೇಲೆ ಒಂದೊಂದು ಸಾಧನದ ಪದಕೋಶವನ್ನು ಖಾಲಿ ಮಾಡಬೇಕು. ನಿಮ್ಮ ಕೀಬೋರ್ಡ್ ಆ ಸೂಚನೆಗೆ ಬೆಲೆ ಕೊಡುತ್ತದೆಯೇ ಎಂದು ತಿಳಿಯಲು ಇದಾದ ಮೇಲೆ ಒಂದು ಪರೀಕ್ಷೆ ಮಾಡಬಹುದು. ‘ಬಿರ್ಜುಟಕ’ ಎಂಬಂಥ ಅರ್ಥವಿಲ್ಲದ ಪದವನ್ನು ಟಿಪ್ಪಣಿ ಆ್ಯಪಿನಲ್ಲಿಯೂ, ಅದಕ್ಕಿಂತ ಬೇರೆಯಾದ ಇನ್ನೊಂದನ್ನು ಇನ್‌ಕಾಗ್ನಿಟೋ ಟ್ಯಾಬಿನಲ್ಲಿಯೂ ಹಲವು ಸಲ ಟೈಪ್ ಮಾಡಿ, ಆಮೇಲೆ ಟಿಪ್ಪಣಿಗೆ ಮರಳಿ ಎರಡರ ಮೊದಲ ಅಕ್ಷರಗಳನ್ನು ಒತ್ತಿ ನೋಡಿರಿ. ಮೊದಲನೆಯದು ಮಾತ್ರ ಸಲಹೆಯಾಗಿ ಬಂದರೆ ಸೂಚನೆ ಪಾಲನೆಯಾಗಿದೆ. ಎರಡನೆಯದೂ ಬಂದರೆ ಆ ಕೀಬೋರ್ಡನ್ನು ಬದಲಿಸುವುದೇ ಸರಿ.