ಡಿಸಿಟಿ ನೆಗೆಟಿವ್, ಆದರೂ ಮಗು ಲೈಟಿನಡಿ ಯಾಕೆ?

ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ: "ಸೊಸೆಯದ್ದು ಓ ಪಾಸಿಟಿವ್, ಮೊಮ್ಮಗನದ್ದು ಬಿ ಪಾಸಿಟಿವ್. ಡಿಸಿಟಿ ನೆಗೆಟಿವ್ ಬಂದಿದೆ. ಆದರೂ ಮರುದಿನವೇ ಕಾಮಾಲೆ ಅಂತ ಮಗುವನ್ನು ಲೈಟಿನಡಿ ಇಟ್ಟಿದ್ದಾರೆ. ಮನೆಗೆ ತಂದು ಬೆಳಗಿನ ಬಿಸಿಲಿಗೆ ಹಿಡಿದರೆ ಸಾಲದಾ?"

ಸಾಲದು. ಯಾಕೆ ಅಂತ ಹೇಳುತ್ತೇನೆ.

ಓ ಗುಂಪಿನ ತಾಯಿಯ ರಕ್ತದಲ್ಲಿ ಎ ಮತ್ತು ಬಿ ಗುಂಪಿನ ವಿರುದ್ಧ ಆ್ಯಂಟಿಬಾಡಿ ಇರುತ್ತದೆ. ಅದರಲ್ಲಿ ಸ್ವಲ್ಪ ಮಾಸು ದಾಟಿ ಮಗುವಿಗೆ ಹೋಗಿ ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳಬಹುದು. ಹಾಗೆ ಅಂಟಿದೆಯಾ ಅಂತ ನೋಡುವುದೇ ಡಿಸಿಟಿ, ಅಂದರೆ ಡೈರೆಕ್ಟ್ ಕೂಂಬ್ಸ್ ಟೆಸ್ಟ್. ಮಗುವಿನ ಕಣಗಳನ್ನು ಸಲೈನ್‌ನಲ್ಲಿ ಮೂರ್ನಾಲ್ಕು ಸಲ ತೊಳೆದು, ಕೂಂಬ್ಸ್ ದ್ರವ ಹಾಕುತ್ತಾರೆ. ಕಣಗಳು ಗಂಟು ಕಟ್ಟಿದರೆ ಪಾಸಿಟಿವ್. ತೊಳೆದದ್ದು ಸಾಲದೆ ಹೋದರೆ, ಉಳಿದ ಆ್ಯಂಟಿಬಾಡಿಯೇ ಆ ದ್ರವವನ್ನು ಹೀರಿಕೊಂಡು ಸುಳ್ಳು ನೆಗೆಟಿವ್ ಬರುತ್ತದೆ.

ಸರಿಯಾಗಿ ತೊಳೆದರೂ ತೊಂದರೆ ಇದೆ. ಹುಟ್ಟಿದ ಮಗುವಿನ ಕಣಗಳ ಮೇಲೆ ಎ, ಬಿ ಗುರುತುಗಳು ಇನ್ನೂ ವಿರಳ. ಹಾಗಾಗಿ ಅಂಟುವ ಆ್ಯಂಟಿಬಾಡಿಯೂ ಕಡಿಮೆ, ಗಂಟು ಕಾಣದೇ ಇರಬಹುದು. ಇತ್ತ ಪಾಸಿಟಿವ್ ಬಂದ ಮಕ್ಕಳಲ್ಲೂ ಹಲವರಿಗೆ ಲೈಟೇ ಬೇಕಾಗುವುದಿಲ್ಲ. ಅಂಟಿದೆಯಾ ಅನ್ನುವುದನ್ನಷ್ಟೇ ಡಿಸಿಟಿ ಹೇಳುತ್ತದೆ. ಕಣ ಎಷ್ಟು ವೇಗವಾಗಿ ಒಡೆಯುತ್ತಿದೆ ಅಂತ ಹೇಳುವುದು ಬಿಲಿರುಬಿನ್, ಅಂದರೆ ಕಣ ಒಡೆದಾಗ ರಕ್ತಕ್ಕೆ ಸೇರುವ ಹಳದಿ ಪದಾರ್ಥ.

ನೀವು ಕಳಿಸಿದ ರಿಪೋರ್ಟೇ ನೋಡಿ. ಹುಟ್ಟಿದ 14ನೇ ಗಂಟೆಗೆ 7.4 ಮಿಲಿಗ್ರಾಂ, 22ನೇ ಗಂಟೆಗೆ 10.6. ಎಂಟು ಗಂಟೆಯಲ್ಲಿ 3.2 ಏರಿದೆ, ಅಂದರೆ ಗಂಟೆಗೆ 0.4. ಮೊದಲ 24 ಗಂಟೆಯಲ್ಲಿ ಗಂಟೆಗೆ 0.3 ಅಥವಾ ಅದಕ್ಕಿಂತ ಜಾಸ್ತಿ ಏರಿದರೆ ಕಣ ಒಡೆಯುತ್ತಿದೆ ಅಂತ ಅನುಮಾನಿಸಬೇಕು. ಆಮೇಲೆ 0.2 ಆದರೂ ಸಾಕು. ಹಾಗೆ ಅನುಮಾನ ಇದ್ದಾಗ ಲೈಟು ಹಾಕುವ ಮಿತಿಯನ್ನೂ ಕೆಳಗಿಳಿಸುತ್ತಾರೆ. 10.6 ಅನ್ನುವುದು ಐದನೇ ದಿನದ ಮಗುವಿಗೆ ಅಷ್ಟೇನೂ ದೊಡ್ಡದಲ್ಲ, ಇನ್ನೂ ಒಂದು ದಿನ ತುಂಬದ ಮಗುವಿಗೆ ದೊಡ್ಡದೇ.

ಆದರೆ ನೆಗೆಟಿವ್ ಇದ್ದೂ ಹೀಗೆ ಏರಿದರೆ, ಎಲ್ಲವನ್ನೂ ಗುಂಪಿನ ಮೇಲೆ ಹಾಕಿ ಸುಮ್ನಿರಬಾರದು. ಜಿ6ಪಿಡಿ, ಅಂದರೆ ಕೆಂಪು ಕಣಗಳನ್ನು ಕಾಪಾಡುವ ಕಿಣ್ವದ ಕೊರತೆ ಇದೆಯಾ ಅಂತ ಡಾಕ್ಟರನ್ನು ಕೇಳಿ. ಗಂಡು ಮಕ್ಕಳಲ್ಲಿ ಇದು ಹೆಚ್ಚು.

ಬಿಸಿಲಿನ ಮಾತಿಗೆ ಬಂದರೆ, ಅದಕ್ಕೆ ಅಳತೆಯೇ ಇಲ್ಲ. ಕಾಸರಗೋಡಿನ ಮಳೆಗಾಲದಲ್ಲಂತೂ ಕೇಳಲೇ ಬೇಡಿ. ಲೈಟಿನ ಯಂತ್ರ ನೀಲಿ ಬೆಳಕನ್ನು ಬೇಕಾದಷ್ಟು ತೀವ್ರತೆಯಲ್ಲಿ, ಗಂಟೆಗಟ್ಟಲೆ ಮಗುವಿನ ಬರಿಮೈಗೆ ಬೀಳಿಸುತ್ತದೆ. ಆ ಬೆಳಕಿಗೆ ಚರ್ಮದ ಹಳದಿ ಬೇಗ ಮಾಸುತ್ತದೆ, ರಕ್ತದಲ್ಲಿ ಇನ್ನೂ ಉಳಿದಿರಬಹುದು. ಅದಕ್ಕೇ "ಬಣ್ಣ ಬಂತಲ್ವಾ, ಕರೆದುಕೊಂಡು ಹೋಗ್ತೇವೆ" ಅನ್ನಬೇಡಿ. ಲೈಟು ತೆಗೆದ ಮೇಲೆ ಮತ್ತೆ ಏರುವುದುಂಟು, ಮರುಪರೀಕ್ಷೆ ಮಾಡಿಸಿಯೇ ಹೊರಡಿ. ಮಗು ಮಂಕಾಗಿ ಹಾಲು ಬಿಟ್ಟರೆ, ಕೀರಲಾಗಿ ಅತ್ತರೆ, ಬೆನ್ನು ಬಿಲ್ಲಿನಂತೆ ಬಗ್ಗಿಸಿದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಕೆಲವು ವಾರಗಳ ನಂತರ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಕಣ ಒಡೆಯುವುದು ನಿಧಾನವಾಗಿ ಮುಂದುವರಿದು ರಕ್ತ ಕಡಿಮೆಯಾಗಬಹುದು.