ಒಂದೇ ಹುಡುಗಿಗೆ 17, ಅದೇ ಹುಡುಗಿಗೆ 11

ಒಂಬತ್ತನೇ ತರಗತಿಯ ನಾಟಕದ ಪ್ರಾಯೋಗಿಕ ಪರೀಕ್ಷೆ. ಒಬ್ಬ ಹುಡುಗಿ ಮೂರು ನಿಮಿಷದ ಏಕಪಾತ್ರ ಅಭಿನಯ ಮಾಡಿದಳು. ಕಥೆ ಚಿಕ್ಕದು. ದೂರದಲ್ಲಿರುವ ಅಣ್ಣನಿಂದ ಕಾಗದ ಬರುತ್ತದೆ. ಖುಷಿಯಿಂದ ಒಡೆದು ಓದುತ್ತಾಳೆ. ಅವನು ಈ ವರ್ಷ ಮನೆಗೆ ಬರುವುದಿಲ್ಲ ಅನ್ನುವುದು ಅರ್ಧಕ್ಕೆ ಬಂದಾಗ ಗೊತ್ತಾಗುತ್ತದೆ. ಸುಮ್ಮನೆ ಕಾಗದ ಮಡಚುತ್ತಾಳೆ. ಒಳಗಿರುವ ಅಮ್ಮನಿಗೆ ಕೇಳುವ ಹಾಗೆ, "ಅಣ್ಣ ಚೆನ್ನಾಗಿದ್ದಾನಂತೆ ಅಮ್ಮಾ" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ನಾನು 20ಕ್ಕೆ 17 ಕೊಟ್ಟೆ. ನನ್ನ ಜೊತೆಗಿದ್ದ ಪರೀಕ್ಷಕರು 11 ಕೊಟ್ಟರು. ಅವರು ಅನುಭವಿ, ಮಕ್ಕಳ ಮೇಲೆ ಪ್ರೀತಿ ಇರುವವರು. ಹಾಗಾದರೆ ಆರು ಅಂಕದ ಅಂತರ ಎಲ್ಲಿಂದ ಬಂತು? ಮಾತಾಡಿದಾಗ ಗೊತ್ತಾಯಿತು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ, ಅವರು ಕೊನೆಯ ಸಾಲಿನಲ್ಲಿ. ಅವಳ ಕಣ್ಣು ಒಂದು ಸಾಲಿನ ಮೇಲೆ ನಿಂತು, ಮತ್ತೆ ಅದೇ ಸಾಲಿಗೆ ಹಿಂದೆ ಹೋಗಿದ್ದು ನನಗೆ ಕಂಡಿತ್ತು. ಅವರಿಗೆ ಕಂಡಿದ್ದು ಮೆಲ್ಲಗೆ ಮಾತಾಡುವ, ಇದ್ದಲ್ಲೇ ನಿಂತ ಒಬ್ಬ ಹುಡುಗಿ. ಇನ್ನೊಂದು ಕಾರಣ ನಮ್ಮ ಕೈಯಲ್ಲಿದ್ದ ಹಾಳೆ. ಅದರಲ್ಲಿ ಇದ್ದದ್ದು "ಭಾವ: ಅತ್ಯುತ್ತಮ, ಉತ್ತಮ, ಸಾಧಾರಣ" ಅಂತ ಮಾತ್ರ. ಉತ್ತಮ ಅಂದರೆ ಏನು ಅಂತ ಹಾಳೆ ಹೇಳುತ್ತಿರಲಿಲ್ಲ. ನಾವಿಬ್ಬರೂ ನಮ್ಮ ನಮ್ಮ ತಲೆಯಲ್ಲಿದ್ದ ಉತ್ತಮವನ್ನು ಅಳೆದೆವು.

ಆ ದಿನದಿಂದ ನಾನು ರೂಬ್ರಿಕ್, ಅಂದರೆ ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವ ಹಾಳೆ, ಬರೆಯುವ ರೀತಿಯೇ ಬದಲಾಯಿತು. ಈಗ ಮೊದಲ ನಿಯಮ: ಹಾಳೆಯಲ್ಲಿ ಹೊಗಳಿಕೆಯ ಪದ ಇರಬಾರದು, ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿ ಮಾತ್ರ ಇರಬೇಕು. "ಮನಮುಟ್ಟುವ ಅಭಿನಯ" ಅಂತ ಬರೆದರೆ ಅದು ಪರೀಕ್ಷಕರ ಮನಸ್ಸಿನ ವಿಷಯವಾಯಿತು. "ಮಾತು ಬರುವ ಮೊದಲೇ ಮುಖದಲ್ಲಿ ಬದಲಾವಣೆ ಕಾಣುತ್ತದೆ" ಅಂತ ಬರೆದರೆ ಅದು ಮಗು ಮಾಡಿದ ಕೆಲಸ.

ನಾಟಕವಾಗಲಿ ನೃತ್ಯವಾಗಲಿ, ನಾನು ಅಳೆಯುವುದು ಮೂರನ್ನು: ಭಾವ, ಲಯ, ರಂಗದ ಬಳಕೆ. ಒಂದೊಂದಕ್ಕೂ ನಾಲ್ಕು ಹಂತ. ಐದು ಇಟ್ಟರೆ ಎಲ್ಲರೂ ಮೂರಕ್ಕೆ ಹೋಗಿ ಕೂರುತ್ತಾರೆ. ನಡುವಿನ ಮನೆ ಇಲ್ಲದಿದ್ದರೆ ಯಾವ ಕಡೆ ಅಂತ ತೀರ್ಮಾನ ಮಾಡಲೇಬೇಕಾಗುತ್ತದೆ. ಭಾವದ ಹಂತವನ್ನು ಎರಡರಿಂದ ಗುಣಿಸುತ್ತೇನೆ, ಲಯದ್ದನ್ನೂ ಎರಡರಿಂದ, ರಂಗದ ಬಳಕೆಯನ್ನು ಒಂದರಿಂದ. ಅಂದರೆ 8, 8 ಮತ್ತು 4, ಒಟ್ಟು 20. ರಂಗಕ್ಕೆ ಯಾಕೆ ಕಡಿಮೆ ಅಂದರೆ, ಶಾಲೆಯಲ್ಲಿ ಮಗು ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಡುವವರು ಸಾಮಾನ್ಯವಾಗಿ ಶಿಕ್ಷಕರೇ. ಶಿಕ್ಷಕರ ಯೋಜನೆಗೆ ಮಗುವಿನ ಅಂಕ ಜಾಸ್ತಿ ಸಿಗುವುದೂ ತಪ್ಪು, ಕಡಿಮೆಯಾಗುವುದೂ ತಪ್ಪು. ಮಕ್ಕಳೇ ನಿರ್ದೇಶಿಸಿದ ಪ್ರದರ್ಶನವಾದರೆ ಈ ಲೆಕ್ಕ ಬದಲಾಗಬೇಕು.

ಬರೆಯುವಾಗ ನಾನು ಶುರು ಮಾಡುವುದು ಎರಡು ಮತ್ತು ಮೂರನೇ ಹಂತದ ನಡುವಿನ ಗೆರೆಯಿಂದ. ತೀರಾ ಚೆನ್ನಾಗಿ ಮಾಡಿದ್ದು, ತೀರಾ ತಡವರಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಜಗಳ ಬರುವುದು ಈ ಗೆರೆಯಲ್ಲೇ.

ಭಾವದಲ್ಲಿ ಆ ಗೆರೆ ಹೀಗಿದೆ. ಎರಡನೇ ಹಂತದ ಮಗುವಿನ ಮುಖದಲ್ಲಿ ಭಾವ ಇರುತ್ತದೆ, ಆದರೆ ಮೊದಲಿನಿಂದ ಕೊನೆಯವರೆಗೂ ಅದೇ ಒಂದು ಭಾವ. ದುಃಖದ ದೃಶ್ಯ ಅಂತ ಗೊತ್ತು, ಹಾಗಾಗಿ ಕಾಗದ ಕೈಗೆ ಬರುವ ಮೊದಲೇ ಅಳುಮುಖ. ಮೂರನೇ ಹಂತದಲ್ಲಿ ಕನಿಷ್ಠ ಎರಡು ಭಾವಗಳು ಬೇರೆ ಬೇರೆಯಾಗಿ ಕಾಣುತ್ತವೆ, ತಿರುವು ಎಲ್ಲಿ ಆಯಿತು ಅಂತ ನೋಡುವವರು ಬೆರಳಿಟ್ಟು ತೋರಿಸಬಹುದು, ಮುಖದ ಜೊತೆ ಮೈ ಮತ್ತು ದನಿಯೂ ಬದಲಾಗುತ್ತವೆ. ನಾಲ್ಕನೇ ಹಂತಕ್ಕೆ ಇನ್ನೂ ಎರಡು ಸಂಗತಿ ಬೇಕು. ತನ್ನ ಮಾತಿಲ್ಲದಾಗಲೂ ಪಾತ್ರ ಬದುಕಿರಬೇಕು. ಭಾವ ಕೊನೆಯ ಸಾಲಿನವರೆಗೆ ತಲುಪಬೇಕು. ಮೊದಲ ಹಂತ ಅಂದರೆ ಬಾಯಿಪಾಠ ಒಪ್ಪಿಸುವುದು. ಮಾತಿನ ಅರ್ಥ ಬದಲಾದರೂ ಮುಖ, ದನಿ ಬದಲಾಗುವುದಿಲ್ಲ.

ಲಯದ ವಿಷಯಕ್ಕೆ ಬಂದರೆ, ಹೆಚ್ಚು ಅನ್ಯಾಯ ಆಗುವುದು ಇಲ್ಲಿ. ನೃತ್ಯದಲ್ಲಿ ಪರೀಕ್ಷಕರ ಕಣ್ಣು ಮುಖಕ್ಕೆ, ಕೈಗಳಿಗೆ ಹೋಗುತ್ತದೆ. ನಗುನಗುತ್ತಾ ಕುಣಿಯುವ ಮಗು ಲಯದಲ್ಲಿದೆ ಅಂತ ಅನಿಸಿಬಿಡುತ್ತದೆ. ನಾನು ಮೊದಲ ಒಂದು ನಿಮಿಷ ಮುಖ ನೋಡುವುದೇ ಇಲ್ಲ. ಮೇಜಿನ ಮೇಲೆ ಬೆರಳಿನಿಂದ ಎಣಿಕೆ ಹಾಕುತ್ತಾ, ಪಾದ ನೆಲಕ್ಕೆ ಬೀಳುವ ಕ್ಷಣವನ್ನು ಮಾತ್ರ ನೋಡುತ್ತೇನೆ. ಬೆರಳು ಮತ್ತು ಪಾದ ಒಟ್ಟಿಗೆ ಬೀಳುತ್ತಿವೆಯೋ ಇಲ್ಲವೋ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ.

ತಪ್ಪುಗಳೂ ಒಂದೇ ತರಹದವಲ್ಲ. ಮಗು ಪ್ರತಿ ಹೆಜ್ಜೆಯಲ್ಲೂ ಅಷ್ಟೇ ಅಳತೆಯಲ್ಲಿ ತಡವಾಗುತ್ತಿದ್ದರೆ, ಅದು ಹೆಚ್ಚಾಗಿ ಪಕ್ಕದವರನ್ನು ನೋಡಿ ಕುಣಿಯುತ್ತಿರುತ್ತದೆ. ನೋಡಿ ಮಾಡಲು ಬೇಕಾಗುವ ಹೊತ್ತೇ ಆ ತಡ. ತಡ ಸ್ವಲ್ಪ ಸ್ವಲ್ಪವೇ ಬೆಳೆಯುತ್ತಾ ಹೋದರೆ ಒಳಗಿನ ಎಣಿಕೆ ತಾಳದ ಜೊತೆ ಇಲ್ಲ ಅಂತ ಅರ್ಥ. ಇನ್ನು ಒಮ್ಮೆ ತಪ್ಪಿ, ಎಂಟು ಎಣಿಕೆಯ ಒಂದು ಸುತ್ತಿನೊಳಗೆ ತಾನಾಗಿ ತಾಳಕ್ಕೆ ಸೇರಿಕೊಳ್ಳುವ ಮಗು ಇದೆಯಲ್ಲ, ಅದಕ್ಕೆ ಲಯ ಗೊತ್ತು. ಆ ಮಗುವನ್ನು ನಾನು ಮೂರನೇ ಹಂತದಲ್ಲೇ ಇಡುತ್ತೇನೆ. ತಪ್ಪಿದ ಮೇಲೆ ಆ ಭಾಗ ಮುಗಿಯುವವರೆಗೂ ಸೇರಿಕೊಳ್ಳಲು ಆಗದಿದ್ದರೆ ಎರಡು. ಎಣಿಕೆ ಎಲ್ಲಿಯೂ ಸಿಗದಿದ್ದರೆ ಒಂದು. ವೇಗ ಬದಲಾದಾಗಲೂ ತಪ್ಪದೆ, ನಿಲ್ಲಬೇಕಾದ ಎಣಿಕೆಯಲ್ಲಿ ಅಲುಗಾಡದೆ ನಿಂತರೆ ನಾಲ್ಕು.

ಗುಂಪು ನೃತ್ಯದಲ್ಲಿ ಮುಂದಿನ ಸಾಲಿನ ಒಂದು ಮಗು ಲಯ ಹಿಡಿದಿರುತ್ತದೆ, ಉಳಿದವರು ಅದನ್ನು ನೋಡಿ ಮಾಡುತ್ತಿರುತ್ತಾರೆ. ಇದನ್ನು ತಿಳಿಯಲು ಸುಲಭ ದಾರಿ ಇದೆ. ಪ್ರದರ್ಶನ ಮುಗಿದ ಮೇಲೆ 16 ಎಣಿಕೆಯ ಒಂದು ತುಣುಕನ್ನು, ಸಾಲುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಮಾಡಿಸಿ. ಎರಡು ನಿಮಿಷವೂ ಬೇಡ. ಆದರೆ ಹೀಗೆ ಕೇಳುತ್ತೀರಿ ಅಂತ ಮಕ್ಕಳಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಗಾಬರಿಗೆ ಅಂಕ ಹೋಗುತ್ತದೆ.

ಪಾದ ಅಂತ ಹೇಳಿದೆನಲ್ಲ, ಹಾಳೆಯಲ್ಲಿ ಆ ಪದ ಬರೆಯಬೇಡಿ. ಗಾಲಿಕುರ್ಚಿಯಲ್ಲಿ ಕೂತು ಕುಣಿಯುವ ಮಗು ಲಯವನ್ನು ಭುಜದಲ್ಲಿ, ಕೈಯಲ್ಲಿ, ಚಕ್ರ ತಿರುಗಿಸುವುದರಲ್ಲಿ ತೋರಿಸುತ್ತದೆ. "ಚಲನೆ ಎಣಿಕೆಯ ಮೇಲೆ ಮುಗಿಯುತ್ತದೆ" ಅಂತ ಬರೆದರೆ ಎಲ್ಲರಿಗೂ ಹೊಂದುತ್ತದೆ.

ನಾಟಕದಲ್ಲಿ ಲಯ ಎಲ್ಲಿದೆ ಅಂತ ಶಿಕ್ಷಕರು ಕೇಳುತ್ತಾರೆ. ಮಾತಿನ ವೇಗದಲ್ಲಿದೆ, ಇನ್ನೊಬ್ಬರ ಮಾತು ಮುಗಿದ ತಕ್ಷಣ ತನ್ನ ಮಾತು ಎತ್ತಿಕೊಳ್ಳುವುದರಲ್ಲಿದೆ, ಎಲ್ಲಕ್ಕಿಂತ ಜಾಸ್ತಿ ಮೌನದಲ್ಲಿದೆ. ಆದರೆ ಬೇಕಂತಲೇ ಇಟ್ಟ ಮೌನಕ್ಕೂ ಮಾತು ಮರೆತ ಮೌನಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಮರೆತಾಗ ಸಾಮಾನ್ಯವಾಗಿ ಕಣ್ಣು ಮೇಲಕ್ಕೋ ಪಕ್ಕದ ಪರದೆಯ ಕಡೆಗೋ ಹೋಗುತ್ತದೆ, ಮೈ ಹೆಪ್ಪುಗಟ್ಟುತ್ತದೆ, ಉಸಿರು ನಿಲ್ಲುತ್ತದೆ. ಬೇಕಂತಲೇ ಇಟ್ಟ ಮೌನದಲ್ಲಿ ಪಾತ್ರಕ್ಕೆ ಏನೋ ಕೆಲಸ ಇರುತ್ತದೆ. ಆ ಹುಡುಗಿ ಕಾಗದವನ್ನು ಬಂದ ಮಡಿಕೆಯಲ್ಲೇ ಒಂದೊಂದಾಗಿ ಮಡಚಿದಳು, ಉಗುರಿನಿಂದ ಮಡಿಕೆ ತೀಡಿದಳು. ಆಮೇಲೆ ಅಮ್ಮನನ್ನು ಕೂಗಿದಳು. ಆ ನಾಲ್ಕೈದು ಸೆಕೆಂಡಿನಲ್ಲಿ ಅವಳು ಸುಳ್ಳು ಹೇಳಲು ತಯಾರಾಗುತ್ತಿದ್ದಳು ಅಲ್ವಾ? ಅದನ್ನು "ನಡುವೆ ನಿಂತುಹೋದಳು" ಅಂತ ಬರೆದರೆ ಮಗು ಮಾಡಿದ ಅತ್ಯಂತ ಒಳ್ಳೆಯ ಕೆಲಸಕ್ಕೇ ಅಂಕ ಕಡಿದ ಹಾಗಾಯಿತು.

ರಂಗದ ಬಳಕೆ ಅಂದರೆ ರಂಗದ ತುಂಬಾ ಓಡಾಡುವುದಲ್ಲ. ಈ ತಪ್ಪು ತಿಳಿವಳಿಕೆಯಿಂದ ಮಕ್ಕಳು ಕಾರಣವಿಲ್ಲದೆ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಎರಡಕ್ಕೂ ಮೂರಕ್ಕೂ ನಡುವಿನ ಗೆರೆ ಕಾರಣ: ಯಾಕೆ ಅಲ್ಲಿಗೆ ಹೋದಳು ಅಂತ ನೋಡುವವರಿಗೆ ಗೊತ್ತಾಗಬೇಕು. ಜಾಗ, ಎತ್ತರ, ಇನ್ನೊಂದು ಪಾತ್ರದಿಂದ ಇರುವ ದೂರ, ಇವೇ ಕಥೆ ಹೇಳಿದರೆ ನಾಲ್ಕು. ಇನ್ನೊಬ್ಬರ ಹಿಂದೆ ಮರೆಯಾಗುತ್ತಿದ್ದರೆ, ಕಾರಣವಿಲ್ಲದೆ ಬೆನ್ನು ತೋರಿಸಿದರೆ ಒಂದು. ರಂಗದ ಬಲ, ಎಡ ಎಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟರ ಬಲ, ಎಡ. ಪರೀಕ್ಷಕರು ತಮ್ಮ ಕಡೆಯಿಂದ ಬರೆದುಕೊಂಡು, ಮಗು ತಪ್ಪು ಕಡೆಯಿಂದ ಬಂತು ಅಂತ ಅಂಕ ಕಡಿದದ್ದನ್ನು ನಾನೇ ನೋಡಿದ್ದೇನೆ.

ಇನ್ನೊಂದು ನಿಯಮವನ್ನು ಹಾಳೆಯ ಮೇಲ್ಗಡೆಯೇ ಬರೆಯುತ್ತೇನೆ: ಒಂದು ತಪ್ಪಿಗೆ ಒಂದೇ ಕಡೆ ಅಂಕ ಹೋಗಲಿ. ದನಿ ಹಿಂದಕ್ಕೆ ಕೇಳಲಿಲ್ಲ ಅನ್ನುವುದು ಭಾವದಲ್ಲಿ. ಕಾಗದ ಮುಖಕ್ಕೆ ಅಡ್ಡ ಬಂತು ಅನ್ನುವುದು ರಂಗದಲ್ಲಿ. ಮಾತು ಮರೆತದ್ದು ಲಯದಲ್ಲಿ. ಇದನ್ನು ಮೊದಲೇ ಹಂಚದಿದ್ದರೆ ಒಂದೇ ತಪ್ಪು ಮೂರೂ ಕಡೆ ಮಗುವನ್ನು ಕೆಳಗೆ ಎಳೆಯುತ್ತದೆ. ವೇಷಭೂಷಣಕ್ಕೆ ನನ್ನ ಹಾಳೆಯಲ್ಲಿ ಜಾಗವೇ ಇಲ್ಲ. ಅದಕ್ಕೆ ಅಂಕ ಇಟ್ಟರೆ ಅದು ಮನೆಯವರ ದುಡ್ಡಿಗೆ ಕೊಟ್ಟ ಅಂಕವಾಗುತ್ತದೆ.

ಆ ಹುಡುಗಿಯ ವಿಡಿಯೋ ಇತ್ತು. ಹೊಸ ಹಾಳೆ ಹಿಡಿದು ಇಬ್ಬರೂ ಮತ್ತೆ ನೋಡಿದೆವು. ಭಾವಕ್ಕೆ ಇಬ್ಬರೂ ಮೂರನೇ ಹಂತ ಕೊಟ್ಟೆವು, ಅಂದರೆ 6. ತಿರುವು ಸ್ಪಷ್ಟ ಇತ್ತು, ಆದರೆ ದನಿ ಹಿಂದಿನ ಸಾಲಿಗೆ ತಲುಪಿರಲಿಲ್ಲ. ರಂಗಕ್ಕೆ ಇಬ್ಬರದೂ ಎರಡು. ಅವಳು ಒಂದೇ ಕಡೆ ನಿಂತದ್ದಕ್ಕಲ್ಲ. ಒಂದು ಕುರ್ಚಿ ತಂದಿಟ್ಟು ಅದನ್ನು ಬಳಸಲೇ ಇಲ್ಲ, ಕಾಗದ ಎತ್ತಿ ಹಿಡಿದಾಗ ಒಂದು ಕಡೆಯವರಿಗೆ ಮುಖ ಮರೆಯಾಯಿತು. ಲಯಕ್ಕೆ ನಾನು ನಾಲ್ಕು ಕೊಟ್ಟೆ, ಅವರು ಮೂರು. ಒಟ್ಟು ನನ್ನದು 16, ಅವರದು 14. ಒಂದು ಹಂತದ ವ್ಯತ್ಯಾಸ ಉಳಿಯಿತು, ಅದೂ ಯಾವ ಕ್ಷಣದ ಬಗ್ಗೆ ಅಂತ ಇಬ್ಬರಿಗೂ ಗೊತ್ತಿತ್ತು. ಕಾಗದ ಓದುವ ಭಾಗದ ವೇಗ ಎಲ್ಲ ಕಡೆ ಒಂದೇ ಇತ್ತು ಅನ್ನುವುದು ಅವರ ವಾದ. ಮತ್ತೊಮ್ಮೆ ಹಾಕಿ ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ನಾನು ಮೂರಕ್ಕೆ ಇಳಿಸಿದೆ, 14 ಅಂತ ಬರೆದೆವು.

ಈಗ ಇಬ್ಬರು ಪರೀಕ್ಷಕರಿದ್ದರೆ ಇಬ್ಬರೂ ಹಾಲ್‌ನ ಮಧ್ಯದ ಸಾಲಿನಲ್ಲೇ ಕೂರುತ್ತೇವೆ. ಒಂದು ಹಂತದ ಅಂತರ ಬಂದರೆ ಮಾತಾಡಿ ಮುಗಿಸುತ್ತೇವೆ, ಎರಡು ಹಂತ ಬಂದರೆ ವಿಡಿಯೋ ನೋಡಲೇಬೇಕು. ಮೊದಲ ಮೂರು ಮಕ್ಕಳ ಅಂಕವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಆಗಿನ್ನೂ ನಮ್ಮ ಕಣ್ಣು ಹದಕ್ಕೆ ಬಂದಿರುವುದಿಲ್ಲ, ಮೊದಲು ಬಂದ ಮಗುವಿಗೆ ಸುಮ್ನೆ ಬಿಗಿಯಾಗಿ ಕೊಡುವ ಅಭ್ಯಾಸ ಹಲವರಿಗೆ ಇದೆ. ಹತ್ತು ಮಕ್ಕಳಾದ ಮೇಲೆ ಹಿಂದಕ್ಕೆ ಬಂದು ಆ ಮೂರು ಅಂಕಗಳನ್ನು ಮತ್ತೆ ನೋಡಿ, ಆಮೇಲೆ ಪೆನ್ ಹಿಡಿಯುತ್ತೇವೆ.